ಗ್ರಾಹಕರ ಮಾಸ್ಟರ್ ಇಆರ್‌ಪಿಯಲ್ಲೇ ಇರಲಿ ಅಂತ ಒಬ್ಬರು, ಎಂಡಿಎಂ ಹಬ್ ಬೇಕೇ ಬೇಕು ಅಂತ ಇನ್ನೊಬ್ಬರು. ನೀವೇನಂತೀರಿ?

ರೇಖಾ ಪೀಣ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯದಲ್ಲಿ ನೀರಿನ ಪಂಪ್ ತಯಾರಿಸುವ ಕಂಪನಿ, ನಾನು ಐಟಿಯಲ್ಲಿದ್ದೇನೆ. ಇಆರ್‌ಪಿ ಎಸ್‌ಎಪಿಯ ಎಸ್/4 ಹಾನಾ. ಅದರ ಸುತ್ತ ಮಾರಾಟದವರ ಸಿಆರ್‌ಎಂ, ಮೆಕ್ಯಾನಿಕ್‌ಗಳ ಸರ್ವಿಸ್ ಆ್ಯಪ್, ಡೀಲರ್ ಪೋರ್ಟಲ್, ಬಿಡಿಭಾಗ ಮಾರುವ ವೆಬ್‌ಸೈಟ್. ಐದರಲ್ಲೂ ಗ್ರಾಹಕರ ಪಟ್ಟಿ ಇದೆ, ಒಂದಕ್ಕೊಂದು ತಾಳೆಯಾಗಲ್ಲ.

ಜಗಳ ಶುರುವಾಗಿದ್ದು ಕ್ರೆಡಿಟ್ ಲಿಮಿಟ್‌ನಿಂದ. ದಾವಣಗೆರೆ ಕಡೆಯ ಒಬ್ಬ ಡೀಲರ್‌ಗೆ ಹತ್ತು ಲಕ್ಷದ ಲಿಮಿಟ್. ಆದರೆ ಇಆರ್‌ಪಿಯಲ್ಲಿ ಅವರಿಗೆ ಮೂರು ನಂಬರ್ ಇವೆ, ಒಂದೊಂದಕ್ಕೂ ಹತ್ತು ಲಕ್ಷ. ಒಟ್ಟು ಬಾಕಿ ಇಪ್ಪತ್ತು ಲಕ್ಷ ದಾಟಿದರೂ ಸಿಸ್ಟಮ್ ಒಂದೇ ಒಂದು ಆರ್ಡರನ್ನೂ ತಡೆಯಲಿಲ್ಲ. ಫೈನಾನ್ಸ್‌ನವರು ಕೆಂಡಾಮಂಡಲ.

ಈಗ ಒಬ್ಬ ಕನ್ಸಲ್ಟೆಂಟ್ ಬಂದು ಎಂಡಿಎಂ, ಅಂದರೆ ಮಾಸ್ಟರ್ ಡೇಟಾ ಮ್ಯಾನೇಜ್‌ಮೆಂಟ್ ಹಬ್ ಕೊಳ್ಳಿ, ಗ್ರಾಹಕರೂ ಪ್ರಾಡಕ್ಟ್‌ಗಳೂ ಅಲ್ಲೇ ಹುಟ್ಟಲಿ, ಉಳಿದ ಐದಕ್ಕೂ ಅಲ್ಲಿಂದ ಹೋಗಲಿ ಅಂತಿದ್ದಾರೆ. ನಮ್ಮ ಇಆರ್‌ಪಿ ಮುಖ್ಯಸ್ಥರು "ಮಾಸ್ಟರ್ ಇರೋದೇ ನಮ್ಮ ಹತ್ರ, ಇನ್ನೊಂದು ಯಾಕೆ" ಅಂತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತೆ. ಹತ್ತಿರದಿಂದ ಕಂಡವರು ಹೇಳಿ.

ಗಿರಿ ಎಬಿಎಪಿ

ಇಆರ್‌ಪಿ ಮುಖ್ಯಸ್ಥರು ಹೇಳಿದ್ದೇ ಸರಿ. ಬಿಲ್ ಆಗೋದು ಇಆರ್‌ಪಿಯಲ್ಲಿ, ದುಡ್ಡು ಬರೋದು ಇಆರ್‌ಪಿಗೆ. ಸಿಆರ್‌ಎಂನಲ್ಲಿ ವಿಳಾಸ ತಪ್ಪಿದ್ರೆ ಒಂದು ಮೇಲ್ ವಾಪಸ್ ಬರುತ್ತೆ ಅಷ್ಟೇ, ಇಆರ್‌ಪಿಯಲ್ಲಿ ತಪ್ಪಿದ್ರೆ ಲಾರಿ ವಾಪಸ್ ಬರುತ್ತೆ. BP ಟ್ರಾನ್ಸಾಕ್ಷನ್‌ನಲ್ಲಿ ಕ್ರಿಯೇಟ್ ಮಾಡಿ, DEBMAS ಐಡಾಕ್‌ನಲ್ಲೋ ಎಪಿಐನಲ್ಲೋ ಉಳಿದವಕ್ಕೆ ಕಳಿಸಿ. ಡುಪ್ಲಿಕೇಟ್ ಚೆಕ್ಕೂ ಇದೆ, ಆನ್ ಮಾಡಿರಲ್ಲ ಅಷ್ಟೇ. ಹಬ್ ಅಂದ್ರೆ ಆರನೇ ಪಟ್ಟಿ. ಐದು ತಾಳೆಯಾಗ್ತಿಲ್ಲ ಅಂತ ಆರನೇದು ತರೋದಾ?

ಸುಮಂತ ಹುಬ್ಬಳ್ಳಿ

ನಮ್ದೂ ಇದ ಕಥಿ ಐತ್ರಿ. ಎರಡು ಅಂಗಡಿ, ಎರಡೂ ಕಡೆ ಟ್ಯಾಲಿ. ಒಂದ ಪಾರ್ಟಿ ಹೆಸರು ಇಲ್ಲೊಂದು ಥರಾ, ಗದಗದಾಗ ಇನ್ನೊಂದು ಥರಾ ಲೆಡ್ಜರ್ ಆಗೈತಿ. ತಿಂಗಳಾ ಕಡೀಕ ಕೂಡಿಸೂದ್ರಾಗ ಸಾಕಾಗಿ ಹೋಗ್ತೈತಿ. ಈ ಹಬ್ ಅನ್ನೂದು ಎಲ್ಲಾ ಡೇಟಾ ಒಂದ ಕಡೆ ಬ್ಯಾಕಪ್ ಇಡೂದೇನ್ರಿ? ಅದಾದ್ರ ನಾವು ಪೆನ್‌ಡ್ರೈವ್‌ನ್ಯಾಗ ಮಾಡೀವಿ, ಉಪಯೋಗ ಆಗ್ಲಿಲ್ಲ.

ಹಳೇಬೇರು

ಸುಮಂತರೇ, ಬ್ಯಾಕಪ್ ಅಲ್ಲ. ಬ್ಯಾಕಪ್‌ನಲ್ಲಿ ಎರಡು ಲೆಡ್ಜರ್ ಎರಡಾಗಿಯೇ ಉಳಿಯುತ್ತವೆ. ಹಬ್ ಮಾಡುವುದು ಈ ಎರಡೂ ಒಬ್ಬರೇ ಎಂದು ಗುರುತಿಟ್ಟುಕೊಳ್ಳುವ ಕೆಲಸ. ನಿಮ್ಮ ಮಟ್ಟಿಗೆ ಜಿಎಸ್‌ಟಿ ನಂಬರ್ ಪಕ್ಕ ಎರಡೂ ಕಡೆಯ ಲೆಡ್ಜರ್ ಹೆಸರು ಬರೆದ ಒಂದು ಎಕ್ಸೆಲ್ ಹಾಳೆ ಸಾಕು. ತಮಾಷೆಗೆ ಹೇಳುತ್ತಿಲ್ಲ, ಹಬ್‌ನ ಒಳಗಿನ ಮುಖ್ಯ ಟೇಬಲ್ಲೂ ಹೆಚ್ಚೂಕಮ್ಮಿ ಅದೇ.

ರೇಖಾ ಅವರೇ, "ಮಾಸ್ಟರ್ ಯಾರ ಹತ್ತಿರ" ಎಂಬ ಪ್ರಶ್ನೆಗೆ ಮುಂಚೆ ಇನ್ನೊಂದಿದೆ: ನಿಮ್ಮಲ್ಲಿ ಗ್ರಾಹಕ ಮೊದಲು ಕಾಣಿಸಿಕೊಳ್ಳುವುದು ಎಲ್ಲಿ? ಡೀಲರ್ ಸಿಆರ್‌ಎಂನಲ್ಲಿ ಹುಟ್ಟುತ್ತಾನೆ, ಇನ್ನೂ ಒಂದು ರೂಪಾಯಿ ವ್ಯಾಪಾರ ಆಗಿರುವುದಿಲ್ಲ. ಪಂಪ್ ಕೊಂಡ ರೈತ ವಾರಂಟಿಗೆ ಫೋನ್ ಮಾಡಿದಾಗ ಸರ್ವಿಸ್ ಆ್ಯಪ್‌ನಲ್ಲಿ ಹುಟ್ಟುತ್ತಾನೆ, ಅವನಿಗೆ ನೀವು ಯಾವತ್ತೂ ಬಿಲ್ ಮಾಡುವುದೇ ಇಲ್ಲ. ಇವರೆಲ್ಲರೂ ಇಆರ್‌ಪಿಯಲ್ಲೇ ಹುಟ್ಟಬೇಕು ಅಂದರೆ ಕಂಪನಿ ಕೋಡ್, ರಿಕನ್ಸಿಲಿಯೇಷನ್ ಅಕೌಂಟ್, ಸೇಲ್ಸ್ ಏರಿಯಾ ಎಲ್ಲ ತುಂಬಬೇಕು. ಸರ್ವಿಸ್ ಹುಡುಗನಿಗೆ ಅದ್ಯಾವುದೂ ಗೊತ್ತಿಲ್ಲ. ಅವನು ಏನೋ ಒಂದು ತುಂಬುತ್ತಾನೆ, ಇಲ್ಲವೇ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತಾನೆ. ನಿಮ್ಮ ಐದು ಪಟ್ಟಿಗಳು ಬಂದಿದ್ದು ಹೀಗೇ ಇರಬೇಕು.

ಗಿರಿ ಎಬಿಎಪಿ

ಹಳೇಬೇರು ಸರ್, ಅದು ಹಳೇ ಇಸಿಸಿ ಕಾಲದ ಮಾತು. ಎಸ್/4ನಲ್ಲಿ ಬಿಸಿನೆಸ್ ಪಾರ್ಟ್‌ನರ್‌ನ ಬರೀ BUP000 ರೋಲ್‌ನಲ್ಲಿ ಕ್ರಿಯೇಟ್ ಮಾಡಬಹುದು. ಹೆಸರು, ವಿಳಾಸ, ಫೋನ್ ಸಾಕು. ಇನ್ನೂ ವ್ಯಾಪಾರ ಆಗದವರಿಗೆ BUP002 ಇದೆ. ಮುಂದೆ ವ್ಯಾಪಾರ ಆದಾಗ FLCU00, FLCU01 ಸೇರಿಸಿದರೆ ಅದೇ ನಂಬರ್‌ನಲ್ಲಿ ಅಕೌಂಟ್ಸೂ ಬರುತ್ತೆ, ಸೇಲ್ಸೂ ಬರುತ್ತೆ. ರಿಕನ್ ಅಕೌಂಟ್ ಮೊದಲೇ ಬೇಕಿಲ್ಲ.

ಹಳೇಬೇರು

ಒಪ್ಪಿದೆ ಗಿರಿ, ಡೀಲರ್ ವಿಷಯದಲ್ಲಿ ನನ್ನ ವಾದ ಅಷ್ಟರಮಟ್ಟಿಗೆ ಬಿದ್ದುಹೋಯಿತು. ರೈತರ ವಿಷಯದಲ್ಲಿ ಬೀಳುವುದಿಲ್ಲ. ವರ್ಷ ವರ್ಷ ವಾರಂಟಿ ಕಾರ್ಡ್‌ಗಳಿಂದ ಬರುವ, ಊರ ಹೆಸರೂ ಒಂದು ಮೊಬೈಲ್ ನಂಬರೂ ಬಿಟ್ಟರೆ ಬೇರೇನೂ ಇಲ್ಲದ ಸಾಲುಗಳನ್ನು ಇಆರ್‌ಪಿಗೆ ತುಂಬಿದರೆ ಡುಪ್ಲಿಕೇಟ್ ಚೆಕ್ ಪ್ರತಿ ಸಲವೂ ಹತ್ತಾರು "ಮಂಜುನಾಥ"ರನ್ನು ತೋರಿಸುತ್ತದೆ. ಎರಡನೇ ವಾರದಿಂದ ಎಲ್ಲರೂ ನೋಡದೆ ಓಕೆ ಒತ್ತುತ್ತಾರೆ.

ಹಾಗಾಗಿ ಮೊದಲ ಕೆಲಸ ಯಾರು ಈ ಮಾಸ್ಟರ್‌ಗೆ ಸೇರುತ್ತಾರೆ, ಯಾರು ಸೇರುವುದಿಲ್ಲ ಎಂದು ಗೆರೆ ಎಳೆಯುವುದು. ನನ್ನ ಲೆಕ್ಕದಲ್ಲಿ ಡೀಲರ್, ಸಬ್ ಡೀಲರ್, ನೇರ ಖರೀದಿಯ ಸಂಸ್ಥೆಗಳು ಒಳಗೆ. ವಾರಂಟಿ ರೈತರು ಸರ್ವಿಸ್ ಆ್ಯಪ್‌ನಲ್ಲೇ ಇರಲಿ, ಪಂಪ್‌ನ ಸೀರಿಯಲ್ ನಂಬರ್‌ಗೆ ಕಟ್ಟಿಕೊಂಡು. ಇಷ್ಟು ಮಾಡಿದರೆ ನಿಮ್ಮ "ಹಂಚಿಕೊಂಡ ಗ್ರಾಹಕ"ರ ಸಂಖ್ಯೆ ಎಷ್ಟಕ್ಕೆ ಇಳಿಯುತ್ತದೆ ನೋಡಿ. ಕೆಲವೇ ಸಾವಿರ ಆದರೆ ಕನ್ಸಲ್ಟೆಂಟ್ ಹೇಳಿದ ಬೆಲೆಯ ಬಗ್ಗೆ ಮತ್ತೊಮ್ಮೆ ಮಾತಾಡಬಹುದು.

ಈ ಪ್ರಶ್ನೆ ಇಆರ್‌ಪಿಯಲ್ಲೇ ಕೇಳಿ ನೋಡಿ. ಜಿಎಸ್‌ಟಿಐಎನ್ ಅನ್ನು BP ತೆರೆಯಲ್ಲಿ IN3 ಅಂತ ಹಾಕಿದ್ದರೆ KNA1 ಟೇಬಲ್‌ನ STCD3 ಕಾಲಮ್‌ನಲ್ಲಿ ಸಿಗುತ್ತದೆ:

```sql
SELECT stcd3, COUNT(*) AS n
FROM   kna1
WHERE  land1 = 'IN' AND stcd3 <> ''
GROUP  BY stcd3
HAVING COUNT(*) > 1;
```

ಆಮೇಲೆ `stcd3` ಬದಲು `SUBSTRING(stcd3, 3, 10)` ಹಾಕಿ ಇನ್ನೊಮ್ಮೆ ಓಡಿಸಿ. ಆಗ ಪ್ಯಾನ್ ಪ್ರಕಾರ ಗುಂಪಾಗುತ್ತದೆ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ, ಆದರೆ ಯಾವುದನ್ನೂ ಇನ್ನೂ ವಿಲೀನ ಮಾಡಬೇಡಿ.

ಶೆಣೈ ಮಂಗಳೂರು

ನಾನು ಅಕೌಂಟ್ಸ್‌ನವ, ಈ ಟೇಬಲ್ಲುಗಳ ಗೊಡವೆ ನನಗೆ ಬೇಡ. ಆದರೆ ಆ ಕೊನೆಯ ಮಾತಿಗೆ ಸ್ವಲ್ಪ ಸೇರಿಸಲಿಕ್ಕೆ ಉಂಟು.

ಜಿಎಸ್‌ಟಿಐಎನ್‌ನ ಹದಿನೈದು ಅಕ್ಷರದಲ್ಲಿ ಮೊದಲಿನ ಎರಡು ರಾಜ್ಯದ್ದು, ಮುಂದಿನ ಹತ್ತು ಪ್ಯಾನ್. ಬೆಂಗಳೂರಿನ ಅಂಗಡಿಗೆ 29, ಅದೇ ಮಾಲೀಕರ ಹೊಸೂರು ಅಂಗಡಿಗೆ 33. ಪ್ಯಾನ್ ಒಂದೇ. ನಮ್ಮಲ್ಲಿ ಒಮ್ಮೆ ಐಟಿಯವರು ಪ್ಯಾನ್ ನೋಡಿ ಎರಡನ್ನೂ ಒಂದು ಮಾಡಿದರು ಮಾರಾಯ್ರೆ. ಉಳಿದದ್ದು 29. ಹೊಸೂರಿಗೆ ಹೋದ ಮಾಲಿಗೆ ಐಜಿಎಸ್‌ಟಿ ಬದಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿತ್ತು. ಇ-ಇನ್‌ವಾಯ್ಸ್‌ನ ಐಆರ್‌ಎನ್ ರದ್ದು ಮಾಡಲಿಕ್ಕೆ 24 ಗಂಟೆ ಮಾತ್ರ ಅವಕಾಶ. ನಮಗೆ ಗೊತ್ತಾದದ್ದು ಆ ಪಾರ್ಟಿಯವರು ತಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕ್ರೆಡಿಟ್ ಹೊಸೂರಿಗೆ ಬಾರದೆ ಬೆಂಗಳೂರಿಗೆ ಬಂದದ್ದು ಕಂಡು ಫೋನ್ ಮಾಡಿದಾಗ. ಆಮೇಲೆ ಒಂದೊಂದು ಬಿಲ್ಲಿಗೂ ಕ್ರೆಡಿಟ್ ನೋಟ್, ಹೊಸ ಬಿಲ್ಲು.

ಪ್ಯಾನ್ ಒಂದೇ ಆದರೆ ಒಂದೇ ಮನೆತನ ಎಂದು ತಿಳಿಯಿರಿ. ಮನೆ ಒಂದೇ ಎಂದಲ್ಲ. ಮತ್ತೆ ಒಂದೇ ರಾಜ್ಯದಲ್ಲಿ ಒಂದೇ ಪ್ಯಾನಿಗೆ ಎರಡು ನೋಂದಣಿಯೂ ಇರಬಹುದು, ಹದಿಮೂರನೆಯ ಅಕ್ಷರ ಅದಕ್ಕೇ ಇರುವುದು.

ರೇಖಾ ಪೀಣ್ಯ

ಎರಡೂ ಓಡಿಸಿದೆ. ಪ್ಯಾನ್ ಪಟ್ಟಿ ಉದ್ದ ಇದೆ, ಶೆಣೈ ಸರ್ ಹೇಳಿದ ಹಾಗೆ ಹೆಚ್ಚಿನವು ಬೇರೆ ಬೇರೆ ರಾಜ್ಯದ ಶಾಖೆಗಳು. ಜಿಎಸ್‌ಟಿಐಎನ್ ಒಂದೇ ಇರುವವು ಅಂದುಕೊಂಡಷ್ಟಿಲ್ಲ.

ಆ ದಾವಣಗೆರೆ ಡೀಲರ್‌ನ ಮೂರು ನಂಬರ್‌ಗಳನ್ನು ಬಿಚ್ಚಿ ನೋಡಿದೆ. ಒಂದು ಅಂಗಡಿಯ ವಿಳಾಸದ್ದು, ಕೃಷಿ ಪಂಪ್ ವಿಭಾಗದವರು ಬಿಲ್ ಮಾಡುವುದು ಅದರಲ್ಲಿ. ಎರಡನೆಯದು ಹರಿಹರ ರಸ್ತೆಯ ಗೋಡೌನ್ ವಿಳಾಸದ್ದು. ಮಾಲು ಇಳಿಸಲು ಅಂತ ಮಾಡಿದ್ದಂತೆ, ಆದರೆ ಯಾರೋ ಅದಕ್ಕೇ ಬಿಲ್ಲೂ ಮಾಡಲು ಶುರುಮಾಡಿದ್ದಾರೆ. ಮೂರನೆಯದು ಮನೆಬಳಕೆ ಮೋಟರ್ ವಿಭಾಗದವರು 2017ರಲ್ಲಿ ವ್ಯಾಟ್‌ನಿಂದ ಜಿಎಸ್‌ಟಿಗೆ ಬರುವಾಗ ಹೊಸದಾಗಿ ತೆರೆದದ್ದು. ಹಳೆಯದನ್ನು ಹುಡುಕಿದರೆ ಸಿಗಲಿಲ್ಲವಂತೆ, ಒಂದು ಕಡೆ "ಶ್ರೀ" ಇತ್ತು, ಇನ್ನೊಂದು ಕಡೆ "ಶ್ರೀ ಶ್ರೀ" ಇತ್ತು.

ಇವನ್ನು ಒಂದು ಮಾಡುವುದು ಹೇಗೆ? ಕನ್ಸಲ್ಟೆಂಟ್ ಡೆಮೊದಲ್ಲಿ ಎರಡು ಸಾಲು ಟಿಕ್ ಮಾಡಿ ಮರ್ಜ್ ಒತ್ತಿದರು, ಒಂದೇ ಗೋಲ್ಡನ್ ರೆಕಾರ್ಡ್ ಬಂತು. ನೋಡೋಕೆ ಚೆನ್ನಾಗಿತ್ತು.

ಹಳೇಬೇರು

ಆ ಡೆಮೊ ನಾನೂ ಬೇಕಾದಷ್ಟು ಸಲ ನೋಡಿದ್ದೇನೆ. ಮರ್ಜ್ ಒತ್ತಿದ ಮೇಲೆ ಇಆರ್‌ಪಿಯಲ್ಲಿ ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ಏನೂ ಆಗಿರುವುದಿಲ್ಲ. ಆ ಮೂರೂ ನಂಬರ್‌ಗಳ ಮೇಲೆ ಬಾಕಿ ಬಿಲ್‌ಗಳಿವೆ, ಅರ್ಧ ಕಳಿಸಿದ ಆರ್ಡರ್‌ಗಳಿವೆ, ಹಳೇ ವರ್ಷಗಳ ಲೆಕ್ಕ ಇದೆ. ಇಆರ್‌ಪಿ ಗ್ರಾಹಕರನ್ನು ಬೆಸೆಯುವುದಿಲ್ಲ. ಹಬ್‌ನಲ್ಲಿ ಒಂದಾದವರು ಅಲ್ಲಿ ಮೂವರಾಗಿಯೇ ಇರುತ್ತಾರೆ. ಹಬ್‌ಗೆ ಗೊತ್ತಿರುವುದು "ಈ ಮೂರೂ ನಂಬರ್ ಒಂದೇ ಪಾರ್ಟಿಯವು" ಎಂಬ ಅಡ್ಡ ಉಲ್ಲೇಖ ಮಾತ್ರ.

ಅನಾಹುತ ಇನ್ನೂ ಮುಂದಿದೆ. ಗೋಲ್ಡನ್ ರೆಕಾರ್ಡ್‌ನಲ್ಲಿ ವಿಳಾಸ ಒಂದೇ. ಸಾಮಾನ್ಯವಾಗಿ "ಇತ್ತೀಚೆಗೆ ಬದಲಾದದ್ದು ಗೆಲ್ಲುತ್ತದೆ" ಎಂಬ ನಿಯಮ ಇಟ್ಟಿರುತ್ತಾರೆ. ಅಂಗಡಿಯ ವಿಳಾಸ ಗೆದ್ದಿತು ಅನ್ನಿ. ಹಬ್ ಅದನ್ನು ಮೂರೂ ನಂಬರ್‌ಗಳಿಗೆ ವಾಪಸ್ ತಳ್ಳುತ್ತದೆ. ಗೋಡೌನ್‌ನ ವಿಳಾಸ ಅಳಿಸಿಹೋಯಿತು. ಮಾರನೇ ದಿನದ ಇ-ವೇ ಬಿಲ್‌ನಲ್ಲಿ ಅಂಗಡಿಯ ವಿಳಾಸ, ಲಾರಿ ಪೇಟೆಯ ಗಲ್ಲಿಯಲ್ಲಿ. ಇದನ್ನು ಪತ್ತೆಮಾಡುವುದು ಸುಲಭ: ಗ್ರಾಹಕರ ಬದಲಾವಣೆಯ ದಾಖಲೆ ತೆರೆದು ಇಂಟರ್‌ಫೇಸ್ ಯೂಸರ್ ಹೆಸರಿನಲ್ಲಿ ಆದ ವಿಳಾಸ ಬದಲಾವಣೆಗಳನ್ನು ಮಾತ್ರ ಸೋಸಿ ನೋಡಿ. ಒಂದೇ ನಿಮಿಷದಲ್ಲಿ ಹಲವು ನಂಬರ್‌ಗಳಿಗೆ ಒಂದೇ ವಿಳಾಸ ಬಿದ್ದಿದ್ದರೆ ಇದೇ ರೋಗ.

ನಿಮ್ಮ ಮೂರರ ವಿಷಯ ಹೇಳುವುದಾದರೆ, ಗೋಡೌನ್ ಡುಪ್ಲಿಕೇಟ್ ಅಲ್ಲ. ಅದು ಮಾಲು ಇಳಿಸುವ ಜಾಗ, ಷಿಪ್-ಟು ಆಗಿ ಅಂಗಡಿಯ ನಂಬರ್‌ಗೆ ಕಟ್ಟಿರಿ, ಅದಕ್ಕೆ ನೇರ ಆರ್ಡರ್ ಹಾಕುವುದನ್ನು ನಿಲ್ಲಿಸಿ. 2017ರದ್ದು ನಿಜವಾದ ಡುಪ್ಲಿಕೇಟ್. ಅದಕ್ಕೆ ಹೊಸ ಆರ್ಡರ್ ಬೀಳದಂತೆ ಬ್ಲಾಕ್ ಹಾಕಿ. ಬಾಕಿ ಬಿಲ್‌ಗಳು ತಾವಾಗಿ ತೀರಲಿ, ಅಥವಾ ಫೈನಾನ್ಸ್‌ನವರು ಉಳಿಕೆಯನ್ನು ಅಂಗಡಿಯ ನಂಬರ್‌ಗೆ ವರ್ಗಾಯಿಸಲಿ. ಶೂನ್ಯಕ್ಕೆ ಬಂದ ಮೇಲೆ ಆರ್ಕೈವ್ ಗುರುತು. ಇದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ, ಯಾವ ಹಬ್ ಕೊಂಡರೂ ಅಷ್ಟೇ ಹಿಡಿಯುತ್ತದೆ.

ಇನ್ನು ಕ್ರೆಡಿಟ್ ಲಿಮಿಟ್. ಜಗಳ ಶುರುವಾದದ್ದೇ ಅದರಿಂದ, ಅದಕ್ಕೆ ವಿಲೀನವೇ ಬೇಕಿಲ್ಲ. ಎಸ್/4ನ ಕ್ರೆಡಿಟ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಪಾರ್ಟ್‌ನರ್‌ನ ಲಿಮಿಟ್‌ನ ಕೆಳಗೆ ಇನ್ನೊಬ್ಬರನ್ನು ಕಟ್ಟುವ ಸಂಬಂಧ ಇದೆ. ಆ ಸಂಬಂಧ ಹಾಕಿ, ಕೆಳಗಿನವರಿಗೆ ಕೊಟ್ಟ ಬಿಡಿ ಲಿಮಿಟ್ ತೆಗೆಯಿರಿ. ಈ ವಾರವೇ ಮಾಡಬಹುದು.

ಗಿರಿ ಎಬಿಎಪಿ

ನೋಡಿ, ಕೊನೆಗೆ ನಾನು ಹೇಳಿದ್ದಕ್ಕೇ ಬಂತು. ಹಬ್ ಬೇಡ.

ಭಾರತಿ ನ್ಯೂಜೆರ್ಸಿ

ಗಿರಿ, ಅಷ್ಟು ಬೇಗ ಬೇಡ. ನಾನು ಇಲ್ಲಿ ಡೇಟಾ ಸ್ಟೀವರ್ಡ್ ಕೆಲಸ ಮಾಡೋದು, ನಮ್ಮಲ್ಲಿ ಹಬ್ ಇದೆ, ಯಾಕೆ ಬಂತು ಅಂತ ಹೇಳ್ತೀನಿ. ನಮ್ಮ ಕಂಪನಿ ಇನ್ನೊಂದನ್ನು ಕೊಂಡುಕೊಂಡಿತು, ಅವರದ್ದು ಬೇರೆ ಇಆರ್‌ಪಿ. ಆವತ್ತಿಂದ "ಇಆರ್‌ಪಿಯೇ ಮಾಸ್ಟರ್" ಅನ್ನೋ ಮಾತಿಗೆ ಅರ್ಥವೇ ಉಳಿಯಲಿಲ್ಲ. ಯಾವ ಇಆರ್‌ಪಿ? ಎರಡು ವರ್ಷ ಇಬ್ಬರೂ ನಮ್ಮದೇ ಅಂತ ಕೂತಿದ್ರು.

ಆದ್ರೆ ಹಬ್ ಬಂದ ಮೇಲಿನ ತಲೆನೋವು ಬೇರೆ. ನಾವು ಎರಡೂ ಕಡೆ ತಿದ್ದೋಕೆ ಬಿಟ್ಟಿದ್ವಿ, ಹಬ್‌ನಲ್ಲೂ ತಿದ್ದಬಹುದು, ಇಆರ್‌ಪಿಯಲ್ಲೂ ತಿದ್ದಬಹುದು. ಹಬ್ ಒಂದು ಬದಲಾವಣೆ ಕಳಿಸುತ್ತೆ, ಇಆರ್‌ಪಿ ಅದನ್ನ ಉಳಿಸಿಕೊಂಡ ತಕ್ಷಣ "ನನ್ನಲ್ಲಿ ಬದಲಾವಣೆ ಆಯ್ತು" ಅಂತ ವಾಪಸ್ ಕಳಿಸುತ್ತೆ, ಹಬ್ ಅದನ್ನ ಹೊಸದು ಅಂದುಕೊಳ್ಳುತ್ತೆ. ಇಆರ್‌ಪಿಯಲ್ಲಿ ಹೆಸರಿನ ಒಂದು ಸಾಲಿಗೆ 40 ಅಕ್ಷರ. ಉದ್ದ ಹೆಸರು ಕತ್ತರಿಸಿಕೊಂಡು ವಾಪಸ್ ಬಂದು ಹಬ್‌ನಲ್ಲಿದ್ದ ಪೂರ್ತಿ ಹೆಸರನ್ನೇ ತಿಂದುಹಾಕ್ತು. ಒಂದು ರೆಕಾರ್ಡ್‌ನ ವರ್ಷನ್ ನಂಬರ್ ರಾತ್ರಿಯಿಡೀ ಏರ್ತಾನೇ ಇದ್ರೆ ಇದೇ ಅಂತ ಗೊತ್ತಾಗುತ್ತೆ. ಇಂಟರ್‌ಫೇಸ್ ಯೂಸರ್ ಮಾಡಿದ ಬದಲಾವಣೆನ ವಾಪಸ್ ಕಳಿಸಬೇಡ ಅಂತ ಸೋಸಿದ ಮೇಲೆ ನಿಂತಿತು.

ಇನ್ನೊಂದು, ಇದನ್ನ ಕನ್ಸಲ್ಟೆಂಟ್‌ಗಳು ಹೇಳಲ್ಲ. ಹೊಸ ಗ್ರಾಹಕರು ಹಬ್ ಮೂಲಕವೇ ಹುಟ್ಟಬೇಕು ಅಂದ್ರೆ ನಮ್ಮ ಟೀಮ್ ನೋಡಿ ಬಿಡಬೇಕು. ನಾವು ರಜೆ ಹಾಕಿದ್ರೆ ಸಾಲು ನಿಲ್ಲುತ್ತೆ. ಮೊದಲು ಮಧ್ಯಾಹ್ನದ ಒಳಗೆ ಆಗ್ತಿದ್ದ ಕೆಲಸ ಎರಡು ಮೂರು ದಿನ ಹಿಡಿಯೋಕೆ ಶುರುವಾಯ್ತು. ಸೇಲ್ಸ್‌ನವರು ಏನು ಮಾಡಿದ್ರು ಗೊತ್ತಾ? ಇರೋ ಗ್ರಾಹಕನ ನಂಬರ್‌ನಲ್ಲೇ ಬೇರೆಯವರ ಆರ್ಡರ್ ಹಾಕಿ, ವಿಳಾಸ ಮಾತ್ರ ಆರ್ಡರ್‌ನಲ್ಲಿ ಬದಲಾಯಿಸಿದ್ರು. ಅದು ಯಾವ ಡುಪ್ಲಿಕೇಟ್ ರಿಪೋರ್ಟ್‌ನಲ್ಲೂ ಬರಲ್ಲ.

ಪವನ್ ಮೈಸೂರು

ಪ್ರಾಡಕ್ಟ್ ಬಗ್ಗೆ ಯಾರೂ ಮಾತಾಡ್ತಿಲ್ಲ, ಒಂದು ಮಾತು ಹೇಳಿ ಹೋಗ್ತೀನಿ. ನಾನಿರೋದು ದಿನಬಳಕೆ ಸಾಮಾನು ಮಾರೋ ಕಡೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯ್ತಲ್ಲ, ಸೋಪು, ಶಾಂಪೂ, ತಲೆಗೆಣ್ಣೆ 18ರಿಂದ 5ಕ್ಕೆ ಇಳೀತು. ಇಆರ್‌ಪಿಯಲ್ಲಿ ದರ ಇದ್ದದ್ದು ಎಚ್‌ಎಸ್‌ಎನ್ ಕೋಡ್ ಮೇಲೆ, ತಾರೀಖು ಹಾಕಿ ಮುಂಚೆಯೇ ತುಂಬಿಟ್ಟಿದ್ವಿ. ಅಂಗಡಿಗಳ ಬಿಲ್ಲಿಂಗ್ ಆ್ಯಪ್‌ನಲ್ಲಿ ದರ ಪ್ರತಿ ಐಟಂನ ಸಾಲಿನಲ್ಲೇ ಬರೆದಿತ್ತು. ಒಂದೊಂದನ್ನೂ ರಾತ್ರಿ ಹನ್ನೆರಡಕ್ಕೆ ತಿದ್ದಬೇಕಾಯ್ತು.

ಇದರಲ್ಲಿ ಹಬ್ಬೋ ಇಆರ್‌ಪಿಯೋ ಅನ್ನೋದು ಮುಖ್ಯ ಆಗಲೇ ಇಲ್ಲ. ದರ ಪ್ರಾಡಕ್ಟ್‌ನ ಗುಣ ಅಲ್ಲ, ಕೋಡ್ ಮತ್ತು ತಾರೀಖು ನೋಡಿ ಲೆಕ್ಕ ಹಾಕುವಂಥದ್ದು. ಮಾಸ್ಟರ್‌ನಲ್ಲಿ ಕೋಡ್ ಸರಿ ಇರಬೇಕು ಅಷ್ಟೇ. ಅದೂ ನಾಲ್ಕಂಕಿ ಸಾಲದು: 3401ರಲ್ಲಿ ಸೋಪಿನ ಬಿಲ್ಲೆಯೂ ಇದೆ, ದ್ರವ ಸೋಪೂ ಇದೆ. ಬಿಲ್ಲೆ 5ಕ್ಕೆ ಇಳೀತು, ದ್ರವ 18ರಲ್ಲೇ ಉಳೀತು.

ಗಿರಿ ಎಬಿಎಪಿ

ಇದಕ್ಕೆ ಒಂದು ಸೇರಿಸಿ: ಎಸ್‌ಎಪಿಯಲ್ಲಿ ಆ ಕೋಡ್ ಇರೋದು MARC-STEUC, ಅಂದ್ರೆ ಪ್ಲಾಂಟ್ ಮಟ್ಟದಲ್ಲಿ. ಒಂದೇ ಮೆಟೀರಿಯಲ್‌ಗೆ ಎರಡು ಪ್ಲಾಂಟ್‌ನಲ್ಲಿ ಎರಡು ಕೋಡ್ ಇರೋಕೆ ಸಿಸ್ಟಮ್ ಬಿಡುತ್ತೆ. ಹಬ್‌ನಲ್ಲಿ ಪ್ರಾಡಕ್ಟ್‌ಗೆ ಒಂದೇ ಕೋಡ್ ಅಂತ ಮಾಡಿದ್ರೆ ಈ ವಿಷಯದಲ್ಲಿ ಹಬ್ ವಾಸಿ, ಒಪ್ಪಿಕೊಳ್ತೀನಿ.

ಸುಮಂತ ಹುಬ್ಬಳ್ಳಿ

ಎಕ್ಸೆಲ್ ಹಾಳಿ ಮಾಡೇನ್ರಿ. ಜಿಎಸ್‌ಟಿ ನಂಬರ್ ಇಲ್ಲದ ಪಾರ್ಟಿ ಭಾಳ ಅದಾವು, ಸಣ್ಣ ಸಣ್ಣ ಅಂಗಡಿ. ಅವಕ್ಕ ಮೊಬೈಲ್ ನಂಬರ್ ಹಾಕಿದ್ರ ನಡೀತೈತೇನ್ರಿ?

ಹಳೇಬೇರು

ಹುಡುಕಲು ನಡೆಯುತ್ತದೆ, ಒಂದೇ ಎಂದು ತೀರ್ಮಾನಿಸಲು ನಡೆಯುವುದಿಲ್ಲ. ಅಪ್ಪನ ಅಂಗಡಿಗೂ ಮಗನ ಅಂಗಡಿಗೂ ಒಂದೇ ಮೊಬೈಲ್ ಕೊಟ್ಟಿರುತ್ತಾರೆ. ಮೊಬೈಲೂ ಪಿನ್‌ಕೋಡೂ ಎರಡೂ ಹೊಂದಿದರೆ "ನೋಡಬೇಕು" ಪಟ್ಟಿಗೆ ಹಾಕಿ, ಅಲ್ಲಿಗೆ ಹೋಗಿಬರುವ ಸೇಲ್ಸ್‌ಮನ್‌ನ ಕೇಳಿ.

ಭಾರತಿಯವರು ಹೇಳಿದ ಎರಡನೇ ಇಆರ್‌ಪಿಯ ಮಾತು ನಿಜ. ನಾನು ಹಬ್ ಬೇಡ ಅಂದಿಲ್ಲ. ರೇಖಾ ಅವರಲ್ಲಿ ಒಂದೇ ಇಆರ್‌ಪಿ ಇರುವವರೆಗೆ ಡೀಲರ್ ನಂಬರ್ ಇಆರ್‌ಪಿಯಲ್ಲಿ ಹುಟ್ಟಲಿ, ಆದರೆ ಮಾಲೀಕತ್ವವನ್ನು ಕಾಲಮ್ ಕಾಲಮ್ ಆಗಿ ಹಂಚಿ. ಜಿಎಸ್‌ಟಿಐಎನ್, ಬಿಲ್ಲಿನ ವಿಳಾಸ, ಪಾವತಿಯ ಷರತ್ತು ಇಆರ್‌ಪಿಯದ್ದು. ಸಂಪರ್ಕದ ವ್ಯಕ್ತಿ, ಫೋನ್ ಸಿಆರ್‌ಎಂನದ್ದು. ಯಾವುದು ಯಾರದ್ದೋ ಅವರಲ್ಲಿ ಮಾತ್ರ ಆ ಜಾಗ ತಿದ್ದಲು ಬರಬೇಕು, ಉಳಿದ ಕಡೆ ಬೂದು ಬಣ್ಣದಲ್ಲಿ ಬೀಗ. ಜೊತೆಗೆ ಐದೂ ಕಡೆಯ ನಂಬರ್‌ಗಳ ಅಡ್ಡ ಉಲ್ಲೇಖ ಟೇಬಲ್ ಒಂದು. ಮುಂದೆ ಹಬ್ ಕೊಂಡರೂ ಈ ಹಂಚಿಕೆಯನ್ನು ಯಾರಾದರೂ ಕೂತು ಮಾಡಲೇಬೇಕು, ಆ ಟೇಬಲ್ ಹಬ್‌ನ ಮೊದಲ ದಿನದ ಲೋಡ್ ಆಗುತ್ತದೆ.

ರೇಖಾ ಪೀಣ್ಯ

ಎಲ್ಲರಿಗೂ ಥ್ಯಾಂಕ್ಸ್. ಕ್ರೆಡಿಟ್ ಸಂಬಂಧ ಹಾಕಿಸಿದೆವು, ಫೈನಾನ್ಸ್‌ನವರು ತಣ್ಣಗಾಗಿದ್ದಾರೆ. ಕಾಲಮ್ ಹಂಚಿಕೆಗೆ ಮೀಟಿಂಗ್ ಕರೆದರೆ "ಫೋನ್ ನಂಬರ್ ಯಾರದ್ದು" ಅನ್ನೋದರಲ್ಲೇ ಒಂದು ಗಂಟೆ ಹೋಯ್ತು. ಸರ್ವಿಸ್‌ನವರು ನಮ್ಮ ಹತ್ರ ಇರೋದೇ ಸರಿಯಾದ ನಂಬರ್ ಅಂತಾರೆ, ಅದೂ ನಿಜವೇ.

ಒಂದು ಹೇಳಬೇಕಿತ್ತು, ಭಾರತಿಯವರ ಮಾತು ಓದಿದ ಮೇಲೆ ಹೊಳೀತು. ಕೊಯಮತ್ತೂರಿನ ಒಂದು ಮೋಟರ್ ಘಟಕ ಕೊಳ್ಳುವ ಮಾತು ಮೇಲಿನವರಲ್ಲಿ ನಡೀತಿದೆ. ಅವರದ್ದು ಒರಾಕಲ್ ಅಂತೆ. ಹಾಗಾದಾಗ ಡೀಲರ್‌ಗೆ ಬಿಲ್ಲಿನ ಮೇಲೆ ಯಾವ ನಂಬರ್ ಹೋಗಬೇಕು, ಇಆರ್‌ಪಿಯದ್ದೋ, ಹಬ್‌ನದ್ದೋ?

ಗಿರಿ ಎಬಿಎಪಿ

ಇಆರ್‌ಪಿಯದ್ದೇ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕೋರು ಆ ನಂಬರ್‌ನೇ ನೋಡೋದು. ಆ ಘಟಕವನ್ನೂ ನಿಮ್ಮ ಎಸ್/4ಗೆ ತಂದುಬಿಡಿ, ಪ್ರಶ್ನೆನೇ ಇರಲ್ಲ.

ಭಾರತಿ ನ್ಯೂಜೆರ್ಸಿ

"ತಂದುಬಿಡಿ" ಅನ್ನೋಕೆ ನಮಗೆ ಇನ್ನೂ ಆಗಿಲ್ಲ ಗಿರಿ. ನಾವು ಎರಡೂ ನಂಬರ್ ಪ್ರಿಂಟ್ ಮಾಡ್ತೀವಿ. ಗ್ರಾಹಕರು ಫೋನ್ ಮಾಡಿ ಯಾವಾಗ್ಲೂ ತಪ್ಪು ನಂಬರ್‌ನೇ ಓದ್ತಾರೆ.